ರೆಪ್ಪೆ ಮೇಲೆ ಹಳದಿ ಕಲೆ, ಹಿಮ್ಮಡಿ ಹಿಂದೆ ಗಂಟು: ಕಲೆ ತೆಗೆಸಿದರೆ ಸಾಕಾ?

"ಅಣ್ಣನಿಗೆ 36 ವರ್ಷ. ರೆಪ್ಪೆ ಮೇಲೆ ಹಳದಿ ಕಲೆ, ಕಪ್ಪುಗುಡ್ಡೆ ಸುತ್ತ ಬೂದು ಬಳೆ, ಎರಡೂ ಹಿಮ್ಮಡಿ ಹಿಂದೆ ನೋವಿಲ್ಲದ ಗಂಟು. ಕೆಟ್ಟ ಕೊಲೆಸ್ಟ್ರಾಲ್ ಅಂತಾರಲ್ಲ, ಆ ಎಲ್‌ಡಿಎಲ್ 264. ಮಾತ್ರೆ ಶುರು ಮಾಡಿಲ್ಲ. ಕಲೆ ತೆಗೆಸಿದರೆ ಸಾಕಾ? ನಾವು ಬದಿಯಡ್ಕದವರು."

ಸಾಕಾಗಲ್ಲ. ನಾನು ಕಾಸರಗೋಡಿನಲ್ಲಿ ಡಾಕ್ಟರ್. ನೀವು ಬರೆದದ್ದರಲ್ಲಿ ನನಗೆ ಜಾಸ್ತಿ ಮುಖ್ಯ ಅನಿಸಿದ್ದು ಕಣ್ಣಲ್ಲ, ಕಾಲು.

ರೆಪ್ಪೆಯ ಹಳದಿ ಕಲೆ ಇರುವವರಲ್ಲಿ ಸುಮಾರು ಅರ್ಧ ಜನರ ಕೊಲೆಸ್ಟ್ರಾಲ್ ಸರಿಯಾಗಿಯೇ ಇರುತ್ತದೆ. ಅದು ರಕ್ತ ಪರೀಕ್ಷೆ ಮಾಡಿಸಲು ಒಂದು ನೆಪ, ಅಷ್ಟೆ. ಬೂದು ಬಳೆ ಅಜ್ಜ ಅಜ್ಜಿಯರ ಕಣ್ಣಲ್ಲಿ ಕಂಡರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, 45ರ ಒಳಗೆ ಕಂಡರೆ ಮಾತ್ರ ಬಿಡುವುದಿಲ್ಲ.

ಹಿಮ್ಮಡಿಯ ಗಂಟು ಹಾಗಲ್ಲ. ಹಿಮ್ಮಡಿಯಿಂದ ಮೇಲೆ ಹೋಗುವ ದಪ್ಪ ಹಗ್ಗದಂಥ ಟೆಂಡನ್ ಇದೆಯಲ್ವಾ, ಕೊಲೆಸ್ಟ್ರಾಲ್ ಅದರೊಳಗೇ ಕೂತು ಅದನ್ನು ದಪ್ಪ ಮಾಡುತ್ತದೆ. ಹಾಗಾಗಿ ಮೇಲಿನ ಚರ್ಮದ ಬಣ್ಣ ಬದಲಾಗುವುದಿಲ್ಲ, ಪಾದ ಮೇಲೆ ಕೆಳಗೆ ಆಡಿಸಿದರೆ ಗಂಟೂ ಟೆಂಡನ್ ಜೊತೆಗೇ ಸರಿಯುತ್ತದೆ. ಚಪ್ಪಲಿ ಉಜ್ಜಿ ಆದದ್ದು ಅಂತ ಎಷ್ಟೋ ಜನ ಸುಮ್ನೆ ಇದ್ದುಬಿಡುತ್ತಾರೆ. ಕೈ ಗೆಣ್ಣುಗಳ ಮೇಲೂ ಮುಟ್ಟಿ ನೋಡಿ, ಅಲ್ಲೂ ಬರುತ್ತದೆ. ಯೂರಿಕ್ ಆಸಿಡ್‌ನ ಗಂಟೂ ಹೀಗೇ ಕಾಣಬಹುದು, ಅದಕ್ಕೇ ಡಾಕ್ಟರ್ ಮುಟ್ಟಿ ನೋಡಬೇಕು, ಅನುಮಾನವಿದ್ದರೆ ಸ್ಕ್ಯಾನ್.

ಹುಟ್ಟಿನಿಂದಲೇ, ವಂಶದಲ್ಲೇ ಬರುವ ಕೊಲೆಸ್ಟ್ರಾಲ್ ತೊಂದರೆಗೆ ಡಚ್ ಲಿಪಿಡ್ ಕ್ಲಿನಿಕ್ ಅಂಕ ಅಂತ ಒಂದು ಲೆಕ್ಕವಿದೆ. ಟೆಂಡನ್ ಗಂಟಿಗೆ 6, 45ರೊಳಗಿನ ಬಳೆಗೆ 4, ಆದರೆ ಎರಡೂ ಇದ್ದರೆ ದೊಡ್ಡದನ್ನು ಮಾತ್ರ ಹಿಡಿಯಬೇಕು. ನಿಮ್ಮಣ್ಣನ ಎಲ್‌ಡಿಎಲ್‌ಗೆ 5. ಒಟ್ಟು 11. ಎಂಟು ದಾಟಿದರೆ ಖಚಿತ ಅಂತ ಲೆಕ್ಕ. ರೆಪ್ಪೆಯ ಕಲೆಗೆ ಇಲ್ಲಿ ಒಂದು ಅಂಕವೂ ಇಲ್ಲ, ನೋಡಿ!

ಮನೆಯಲ್ಲಿ ತೆಂಗಿನೆಣ್ಣೆಯನ್ನು ಬೈಯುತ್ತಿರಬಹುದು. ಅದನ್ನು ಕಡಿಮೆ ಮಾಡುವುದು ಒಳ್ಳೆಯದೇ, ಆದರೆ ಗಂಟು ಕಟ್ಟುವಷ್ಟು ಏರಿದ್ದು ಬರೀ ಊಟದಿಂದಲ್ಲ. ಲಿವರ್ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವುದೇ ಕಡಿಮೆ, ಅದು ಚಿಕ್ಕಂದಿನಿಂದಲೂ ರಕ್ತನಾಳದಲ್ಲಿ ಕೂರುತ್ತಾ ಬಂದಿರುತ್ತದೆ. ವಯಸ್ಸಿಗೆ ಮೊದಲೇ ಹಾರ್ಟ್ ಅಟ್ಯಾಕ್ ಆಗುವುದು ಹೀಗೆ.

ಈಗ ಫಿಸಿಷಿಯನ್ ಅಥವಾ ಹೃದಯದ ಡಾಕ್ಟರ್ ಹತ್ತಿರ ಹೋಗಿ. ಥೈರಾಯ್ಡ್ ಮತ್ತು ಮೂತ್ರದಲ್ಲಿ ಪ್ರೋಟೀನ್ ನೋಡಿಸಿ, ಯಾಕೆಂದರೆ ಥೈರಾಯ್ಡ್ ಕಡಿಮೆಯಾದರೂ ಕಿಡ್ನಿಯಿಂದ ಪ್ರೋಟೀನ್ ಸೋರಿದರೂ ಎಲ್‌ಡಿಎಲ್ ಏರುತ್ತದೆ. ಆಮೇಲೆ ಸ್ಟ್ಯಾಟಿನ್ ಮಾತ್ರೆ, ಸಾಲದಿದ್ದರೆ ಎಜೆಟಿಮೈಬ್ ಸೇರಿಸುತ್ತಾರೆ. ವರ್ಷಗಟ್ಟಲೆ ತಗೊಂಡರೆ ಗಂಟು ನಿಧಾನಕ್ಕೆ ಇಳಿಯಬಹುದು, ಕಣ್ಣಿನ ಬಳೆ ಹೋಗಲ್ಲ. ಕಲೆ ತೆಗೆಸಬಹುದು, ಆದರೆ ಮತ್ತೆ ಬರುವುದುಂಟು.

ಇನ್ನೊಂದು, ನೀವು ಕೇಳದೇ ಇದ್ದದ್ದು. ಇದು ಅಪ್ಪ ಅಥವಾ ಅಮ್ಮನಿಂದ ಬಂದಿದ್ದರೆ ನಿಮಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಗಂಟು, ಕಲೆ ಏನೂ ಇಲ್ಲದಿದ್ದರೂ ನಿಮ್ಮ ಎಲ್‌ಡಿಎಲ್ ನೋಡಿಸಿ. ಅಣ್ಣನಿಗೆ ಮಕ್ಕಳಿದ್ದರೆ ಅವರದ್ದೂ, ದೊಡ್ಡವರಾಗುವವರೆಗೆ ಕಾಯಬೇಡಿ.