ಹಬ್ಬದ ರಶ್‌ನಲ್ಲಿ ಡೆಲಿವರಿ ತಡ ಆಯ್ತು, ಕ್ಷಮೆ ಪೋಸ್ಟಲ್ಲಿ ಏನ್ ಬರೀಬೇಕು?

ಪ್ರಶ್ನೆ: ಸರ್ ನಮಸ್ಕಾರ್ರೀ, ನಾವು ಇಳಕಲ್ ಸೀರಿ, ಖಣದ ಬ್ಲೌಸ್ ಪೀಸ್ ಆನ್‌ಲೈನ್‌ನಾಗ ಮಾರ್ತೀವ್ರೀ. ಏಳು ದಿನದಾಗ ಮುಟ್ಟಸ್ತೀವಿ ಅಂತ ಹೇಳಿದ್ವಿ, ದಸರಾಕ್ಕ ಬಂದ ಆರ್ಡರ್‌ನಾಗ 96 ಇನ್ನೂ ಮುಟ್ಟಿಲ್ಲ. "ಭಾಳ ರಶ್ ಐತಿ, ಸಾರಿ, ಸ್ವಲ್ಪ ತಾಳ್ಕೊಳ್ರಿ" ಅಂತ ಪೋಸ್ಟ್ ಹಾಕಿದ್ರ ಮಂದಿ ಇನ್ನಷ್ಟ್ ಸಿಟ್ಟಿಗೆದ್ರು. ಶೀಟ್ ಕಳ್ಸೀನಿ ನೋಡ್ರಿ. ದೀಪಾವಳಿ ಬಂತು, ಈಗ ಏನ್ ಬರೀಬೇಕ್ರಿ?
(ಬಾಗಲಕೋಟೆ ಜಿಲ್ಲೆಯ ಓದುಗರು, 9 ಅಕ್ಟೋಬರ್ 2025)

ಉತ್ತರ: ಮೇಡಂ, ಜನ ಸಿಟ್ಟಾಗಿದ್ದು ನೀವು ಸಾರಿ ಕೇಳಿದ್ದಕ್ಕಲ್ಲ, ಆ ಪೋಸ್ಟ್ ಓದಿದ್ಮೇಲೂ ಅವ್ರಿಗೆ ತಮ್ಮ ಸೀರೆ ಎಲ್ಲಿದೆ ಅಂತ ಗೊತ್ತಾಗ್ಲಿಲ್ಲ ಅದಕ್ಕೆ. ಹಾಗಾಗಿ ಪೋಸ್ಟ್ ಬರೆಯೋಕ್ ಮುಂಚೆ ಆರ್ಡರ್‌ಗಳನ್ನ ಬೇರೆ ಬೇರೆ ಮಾಡ್ಕೊಳ್ಳಿ. ನಿಮ್ಮ ಶೀಟ್ ನೋಡ್ದೆ, 31 ಸೀರೆಗೆ ಇನ್ನೂ ಫಾಲ್ಸ್, ಪಿಕೋ ಆಗ್ಬೇಕು, ಪ್ಯಾಕೇ ಆಗಿಲ್ಲ, 24 ಪ್ಯಾಕ್ ಆಗಿ ಲೇಬಲ್ ಅಂಟಿಸ್ಕೊಂಡು ನಿಮ್ಮನೇಲೇ ಕೂತಿದೆ, 41 ಮಾತ್ರ ನಿಜವಾಗ್ಲೂ ದಾರೀಲಿದೆ.

ಆ ಮಧ್ಯದ 24 ಇದ್ಯಲ್ಲ, ಸಿಟ್ಟಿನ ಮೂಲ ಅಲ್ಲಿದೆ. ಲೇಬಲ್ ಪ್ರಿಂಟ್ ತೆಗ್ದ ತಕ್ಷಣ ಸಿಸ್ಟಮ್ ಕಸ್ಟಮರ್‌ಗೆ "ನಿಮ್ಮ ಆರ್ಡರ್ ಶಿಪ್ ಆಗಿದೆ" ಅಂತ ಮೆಸೇಜ್ ಕಳ್ಸ್‌ಬಿಡುತ್ತೆ, ಆದ್ರೆ ಟ್ರ್ಯಾಕಿಂಗ್‌ನಲ್ಲಿ Manifested ಅಂತ್ಲೇ ದಿನಗಟ್ಲೆ ನಿಂತಿರುತ್ತೆ, ಅಂದ್ರೆ ಕೊರಿಯರ್ ಹುಡುಗ ಇನ್ನೂ ಪಾರ್ಸಲ್ ಮುಟ್ಟೇ ಇಲ್ಲ ಅಂತ ಅರ್ಥ. ಈ ಸಲ 1ಕ್ಕೆ ಆಯುಧ ಪೂಜೆ, ಗಾಡಿಗಳೆಲ್ಲ ತೊಳ್ದು ಪೂಜೆಗ್ ನಿಲ್ಸಿದ್ರು, 2ಕ್ಕೆ ವಿಜಯದಶಮಿ, 5ಕ್ಕೆ ಭಾನುವಾರ, ಆಮೇಲೆ ಹಬ್‌ನಲ್ಲಿ ರಾಶಿ ಬಿದ್ದಿರೋದನ್ನ ಖಾಲಿ ಮಾಡೋ ತನಕ ಹೊಸ ಪಿಕಪ್‌ಗೆ ಬರೋದೇ ತಡ. ಕಾರಣ ನಿಜಾನೇ, ಅದನ್ನ ಒಂದು ಸಾಲಲ್ಲಿ ಹೇಳಿ ಮುಂದೆ ಹೋಗಿ. ಆದ್ರೆ "ಕೊರಿಯರ್‌ನವ್ರ ತಪ್ಪು" ಅಂತ ಬರೀಬೇಡಿ, ಕಸ್ಟಮರ್ ದುಡ್ಡು ಕೊಟ್ಟಿದ್ದು ನಿಮಗೆ.

ಈಗ ಒಂದೊಂದು ಗುಂಪಿಗೂ ನೀವು ಉಳಿಸ್ಕೊಳ್ಳೋಕಾಗೋ ತಾರೀಖು ಹುಡುಕ್ಬೇಕು. ಫಾಲ್ಸ್ ಸಮೇತ ದಿನಕ್ಕೆ ಹತ್ತು ಸೀರೆ ಆಗುತ್ತೆ ಅಂತ ಶೀಟಲ್ಲಿ ಬರ್ದಿದೀರಿ, ಅಂದ್ರೆ 31ಕ್ಕೆ ಶುಕ್ರವಾರ, ಶನಿವಾರ, ಸೋಮವಾರ ಹೋಗಿ ಮಂಗಳವಾರ 14ಕ್ಕೆ ಎಲ್ಲಾ ಹೊರಗ್ ಬೀಳುತ್ತೆ. ನರಕ ಚತುರ್ದಶಿ 20ಕ್ಕೆ ಸೋಮವಾರ. ಕರ್ನಾಟಕದೊಳಗೆ 18ಕ್ಕೆ ಮುಟ್ಟಿಸ್ತೀವಿ ಅಂತ ಹೇಳ್ಬಹುದು, ಪುಣೆ, ಹೈದರಾಬಾದ್ ಆಚೆಗೆಲ್ಲ ಹಬ್ಬದೊಳಗೆ ಅಂತ ಮಾತು ಕೊಡೋ ಹಾಗಿಲ್ಲ, ಅವ್ರಿಗೆ ಅದನ್ನ ಇವತ್ತೇ ಹೇಳಿ, ಅವ್ರು ಊರಲ್ಲೇ ಒಂದು ಸೀರೆ ತಗೊಳ್ಳೋಕಾದ್ರೂ ಟೈಮ್ ಸಿಗ್ಲಿ. 24ರದ್ದು ಪಿಕಪ್‌ಗೆ ಶನಿವಾರ ಸಂಜೆ ತನಕ ಕಾಯಿರಿ, ಬರ್ಲಿಲ್ಲ ಅಂದ್ರೆ ಸೋಮವಾರ ನೀವೇ ಪೋಸ್ಟ್ ಆಫೀಸ್‌ಗೆ ತಗೊಂಡ್ ಹೋಗಿ ಸ್ಪೀಡ್ ಪೋಸ್ಟ್ ಮಾಡಿ. ಹಳೇ ಲೇಬಲ್ ಕ್ಯಾನ್ಸಲ್ ಮಾಡೋದು ಮರೀಬೇಡಿ, ಇಲ್ಲಾಂದ್ರೆ ಕಸ್ಟಮರ್ ಹಳೇ ನಂಬರ್‌ನೇ ನೋಡ್ಕೊಂಡ್ ಕೂತಿರ್ತಾರೆ. ಕ್ಯಾಶ್ ಆನ್ ಡೆಲಿವರಿ ಆರ್ಡರ್ ಆದ್ರೆ ಮೊದ್ಲು ಫೋನ್ ಮಾಡಿ ದುಡ್ಡು ಹೇಗ್ ಕೊಡ್ತಾರೆ ಅಂತ ಕೇಳ್ಕೊಂಡು ಆಮೇಲೆ ಕಳ್ಸಿ.

ರಿಫಂಡ್ ವಿಷ್ಯ ನೀವಾಗೇ ಬರೀಬೇಕು, ಅವ್ರು ಕೇಳೋ ತನಕ ಕಾಯ್ಬೇಡಿ. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮದ ಪ್ರಕಾರ ಹೇಳಿದ್ ತಾರೀಖು ದಾಟಿ ಮಾಲು ಬಂದ್ರೆ ವಾಪಸ್ ತಗೊಳ್ಳಲ್ಲ, ರಿಫಂಡ್ ಕೊಡಲ್ಲ ಅನ್ನೋ ಹಾಗಿಲ್ಲ. ಯಾರ ಕೈಲೂ ತಡೆಯೋಕಾಗದ ವಿಪತ್ತಾದ್ರೆ ವಿನಾಯಿತಿ ಇದೆ, ಆದ್ರೆ ಹಬ್ಬದ ರಶ್ ಪ್ರತಿ ವರ್ಷ ಬರೋದೇ, ಅದನ್ನ ವಿಪತ್ತು ಅಂತ ವಾದ ಮಾಡೋದು ನನ್ ಪ್ರಕಾರ ನಿಲ್ಲಲ್ಲ. ದೂರು ಬಂದ್ರೆ 48 ಗಂಟೆಯೊಳಗೆ ಬಂದಿದೆ ಅಂತ ತಿಳಿಸ್ಬೇಕು, ಒಂದು ತಿಂಗಳಲ್ಲಿ ಬಗೆಹರಿಸ್ಬೇಕು ಅಂತ್ಲೂ ಅದ್ರಲ್ಲೇ ಇದೆ. ರಿಫಂಡ್ ಬದ್ಲು ಕೂಪನ್ ಕೊಡೋ ಯೋಚ್ನೆ ಬಿಡಿ, ಕೊಡೋದಿದ್ರೆ ರಿಫಂಡ್ ಜೊತೆಗೆ ಕೊಡಿ.

ಹೀಗ್ ಬರೀರಿ, ನಿಮ್ಮ ಮಾತಿಗೆ ಹೊಂದಿಸ್ಕೊಳ್ಳಿ:

> ಏಳು ದಿನದಲ್ಲಿ ಮುಟ್ಟಿಸ್ತೀವಿ ಅಂತ ಹೇಳಿ 96 ಜನಕ್ಕೆ ಮುಟ್ಟಿಸಿಲ್ಲ. ತಪ್ಪು ನಮ್ದು, ಕ್ಷಮಿಸಿ. ನಮ್ ಕೈಲಾಗೋದಕ್ಕಿಂತ ಜಾಸ್ತಿ ಆರ್ಡರ್ ತಗೊಂಡ್ವಿ, ರಜೆಯಲ್ಲಿ ಪಿಕಪ್ ಕೂಡ ನಿಂತಿತ್ತು.
>
> ನಿಮ್ಮ ಆರ್ಡರ್ ಎಲ್ಲಿದೆ ಅಂತ ಇವತ್ತು ರಾತ್ರಿ 8ರೊಳಗೆ ಒಬ್ಬೊಬ್ರಿಗೂ ವಾಟ್ಸಾಪ್ ಮಾಡ್ತೀವಿ.
>
> ಇನ್ನೂ ಪ್ಯಾಕ್ ಆಗದೇ ಇರೋದು: 14ನೇ ತಾರೀಖಿನೊಳಗೆ ಹೊರಡುತ್ತೆ. ಕರ್ನಾಟಕದೊಳಗೆ 18ಕ್ಕೆ ಮುಟ್ಟುತ್ತೆ, ಬೇರೆ ರಾಜ್ಯಕ್ಕೆ ಹಬ್ಬದೊಳಗೆ ಮುಟ್ಟೋ ಗ್ಯಾರಂಟಿ ಇಲ್ಲ.
>
> Manifested ಅಂತ ತೋರಿಸ್ತಿರೋದು: ಶನಿವಾರ ಪಿಕಪ್ ಆಗ್ದಿದ್ರೆ ಸೋಮವಾರ ಸ್ಪೀಡ್ ಪೋಸ್ಟಲ್ಲಿ ಕಳ್ಸಿ ಹೊಸ ನಂಬರ್ ಕೊಡ್ತೀವಿ.
>
> ದಾರಿಯಲ್ಲಿರೋದು: 15ರ ತನಕ ಅಲುಗಾಡ್ಲಿಲ್ಲ ಅಂದ್ರೆ ಕಳೆದಿದೆ ಅಂತ್ಲೇ ತಿಳ್ಕೊಂಡು ಬೇರೆ ಸೀರೆ ಅಥವಾ ಪೂರ್ತಿ ದುಡ್ಡು, ನೀವ್ ಹೇಳಿದ್ದು.
>
> ಬೇಡ ಅಂದ್ರೆ "ಕ್ಯಾನ್ಸಲ್" ಅಂತ ಒಂದು ಮೆಸೇಜ್ ಸಾಕು. ಹೊರಡದೇ ಇರೋದಕ್ಕೆ ಅವತ್ತೇ ರಿಫಂಡ್ ಹಾಕ್ತೀವಿ. ದಾರಿಯಲ್ಲಿದ್ರೆ ಬಾಗಿಲಲ್ಲೇ ವಾಪಸ್ ಕಳ್ಸಿ, ವಾಪಸ್ ಹೊರಟಿದ್ದು ಟ್ರ್ಯಾಕಿಂಗ್‌ನಲ್ಲಿ ಕಂಡ ದಿನವೇ ದುಡ್ಡು ಹಾಕ್ತೀವಿ. ಮೆಸೇಜ್ ಮಾಡ್ಲಿಲ್ಲ ಅಂದ್ರೆ ಸೀರೆ ಕಳಿಸ್ತೀವಿ.

"ಅವತ್ತೇ ಹಾಕ್ತೀವಿ" ಅಂದ್ರೆ ಅವತ್ತೇ ಅಕೌಂಟಿಗೆ ಬಂತು ಅಂತಲ್ಲ, ಕಾರ್ಡಲ್ಲಿ ಕಟ್ಟಿದ್ರೆ ಸಾಮಾನ್ಯವಾಗಿ ಐದರಿಂದ ಏಳು ಕೆಲಸದ ದಿನ ಹಿಡಿಯುತ್ತೆ, ಯುಪಿಐ ಆದ್ರೆ ಬೇಗ. ಇದನ್ನ ಕ್ಯಾನ್ಸಲ್ ಮಾಡ್ದೋರಿಗೆ ರಿಫಂಡ್ ರೆಫರೆನ್ಸ್ ನಂಬರ್ ಜೊತೆ ಹೇಳಿ, ಆ ನಂಬರ್ ಇದ್ರೆ ಅವ್ರು ಬ್ಯಾಂಕಲ್ಲೇ ಕೇಳ್ಬಹುದು.

ದಾರಿಯಲ್ಲಿರೋ 41ಕ್ಕೆ ಇನ್ನೊಂದ್ ಕೆಲಸ ಇದೆ. ದೀಪಾವಳಿ ಹತ್ರ ಬಂದಂಗೆ ಬೆಂಗಳೂರಿನ ಜನ ಮನೆಗೆ ಬೀಗ ಹಾಕಿ ಊರಿಗ್ ಹೋಗ್ತಾರೆ, ಡೆಲಿವರಿಯವ್ರು ಸಾಮಾನ್ಯವಾಗಿ ಮೂರ್ ಸಲ ಬಂದು ನೋಡಿ ಪಾರ್ಸಲ್ ವಾಪಸ್ ಕಳ್ಸ್‌ಬಿಡ್ತಾರೆ, ಆಗ ತಡ ಆಗಿದ್ ಸೀರೆ ನಿಮ್ಮ ಬಾಗಿಲಿಗೇ ಬಂದು ನಿಲ್ಲುತ್ತೆ. ಹಾಗಾಗಿ ವಾಟ್ಸಾಪ್ ಮೆಸೇಜಲ್ಲಿ "17ರಿಂದ 22ರ ತನಕ ಮನೇಲಿರ್ತೀರಾ, ಇಲ್ಲಾಂದ್ರೆ ಯಾರಿಗ್ ಕೊಡ್ಬೇಕು" ಅಂತ ಕೇಳಿ. ನಾಲ್ಕು ದಿನದಿಂದ ಒಂದೂ ಸ್ಕ್ಯಾನ್ ಆಗದೇ ಇರೋ ಪಾರ್ಸಲ್‌ಗೆ ಇವತ್ತೇ ಕೊರಿಯರ್‌ನವ್ರಿಗೆ ಕಂಪ್ಲೇಂಟ್ ಹಾಕಿ. ಕಳೆದಿದ್ದಕ್ಕೆ ಅವ್ರು ಪರಿಹಾರ ಕೊಡೋಕೆ ವಾರಗಟ್ಲೆ ಆಗ್ಬಹುದು, ಕಸ್ಟಮರ್‌ನ ಅದಕ್ಕೋಸ್ಕರ ಕಾಯಿಸ್ಬೇಡಿ.

ಪೋಸ್ಟ್ ಹಾಕೋ ಮುಂಚೆ ಹೊಸ ಆರ್ಡರ್ ನಿಲ್ಸಿ, ಅಥವಾ "ಇವತ್ತಿನ ಆರ್ಡರ್ ದೀಪಾವಳಿ ಆದ್ಮೇಲೆ" ಅಂತ ಪೇಮೆಂಟ್ ಬಟನ್ ಮೇಲೇ ದೊಡ್ಡದಾಗಿ ಹಾಕಿ. ಹೊಸ ಆರ್ಡರ್ ಒಳಗ್ ಬಂದ್ರೆ ದಿನಕ್ಕೆ ಹತ್ತು ಅನ್ನೋ ಲೆಕ್ಕ ತಪ್ಪುತ್ತೆ, 14 ಅಂತ ಹೇಳಿದ್ದೂ ಸುಳ್ಳಾಗುತ್ತೆ.

ಪೋಸ್ಟ್ ಕೆಳಗೆ ಆರ್ಡರ್ ನಂಬರ್, ಫೋನ್ ನಂಬರ್ ಹಾಕೋರು ತುಂಬಾ ಜನ ಇರ್ತಾರೆ, ಅದನ್ನ ನೋಡಿ ಮೋಸಗಾರರು ನಿಮ್ಮ ಹೆಸ್ರಲ್ಲೇ ಫೋನ್ ಮಾಡಿ "ರಿಫಂಡ್ ಲಿಂಕ್ ಒತ್ತಿ", "ಅಡ್ರೆಸ್ ಸರಿ ಮಾಡೋಕೆ ಐದ್ ರೂಪಾಯಿ ಕಟ್ಟಿ" ಅಂತಾರೆ. ಅಂಥ ಕಾಮೆಂಟ್ ಮರೆಮಾಡಿ ಅವ್ರಿಗೆ ನೀವೇ ಮೆಸೇಜ್ ಮಾಡಿ, ಬೈದಿರೋ ಕಾಮೆಂಟ್ ಮಾತ್ರ ಹಾಗೇ ಬಿಡಿ. ಪೋಸ್ಟ್‌ನ ಕೊನೇಲಿ ನಿಮ್ಮ ಒಂದೇ ವಾಟ್ಸಾಪ್ ನಂಬರ್ ಕೊಟ್ಟು ಇಷ್ಟು ಸೇರಿಸಿ: "ನಾವು ಓಟಿಪಿ ಕೇಳಲ್ಲ, ಲಿಂಕ್ ಕಳ್ಸಲ್ಲ, ದುಡ್ಡು ವಾಪಸ್ ಪಡೆಯೋಕೆ ಯುಪಿಐ ಪಿನ್ ಹಾಕೋ ಅಗತ್ಯ ಇಲ್ಲ."