ಮಾರ್ಷ್‌ಮ್ಯಾಲೋ ಬೆವರಿದ್ರ ತಪ್ಪು ಪುಡಿದಲ್ಲ, ಆಣದ್ದು

ಪ್ರಶ್ನೆ: ಅಕ್ಕಾರ, ಒಂದೆಳೆ ಪಾಕ ಮಾಡಿ ಜೆಲಟಿನ್‌ಗೆ ಹಾಕಿ ಬೀಟ್ ಮಾಡಿದ್ದೆ, ಐಸಿಂಗ್ ಶುಗರ್ ಉದುರಿಸಿದ್ದೆ. ಮರುದಿನ ಮುಂಜಾನೆ ನೋಡಿದ್ರ ಡಬ್ಬಿ ತುಂಬ ಅಂಟು ಅಂಟು, ಪುಡಿ ಎಲ್ಲಾ ಕರಗಿತ್ತು. ಯಾಕ್ರೀ? – ಒಬ್ಬ ಓದುಗರು, ಧಾರವಾಡ

ಉತ್ತರ: ಒಂದೆಳೆ ಆಣ ಗುಲಾಬ್‌ಜಾಮೂನಿಗೆ ಸರಿ, ಇದಕ್ಕ ಸಾಲಂಗಿಲ್ಲ. ಅದರಾಗ ನೀರು ಇನ್ನೂ ಭಾಳ ಇರ್ತದ, ಆ ನೀರು ರಾತ್ರಿ ನಿಧಾನಕ್ಕ ಹೊರಗ ಬಂದು ಮೈಯೆಲ್ಲಾ ಅಂಟಾಗ್ತದ. ನಿಮಗ ಬೇಕಾಗಿದ್ದು ಉಂಡಿ ಆಣ, ಅಂದ್ರ ತಣ್ಣೀರಿನ ಬಟ್ಟಲಾಗ ಒಂದು ಹನಿ ಬಿಟ್ರ ಬೆರಳಾಗ ಹಿಡಿದು ಮೆತ್ತನ್ನ ಉಂಡಿ ಮಾಡಾಕ ಬರಬೇಕು, ಒತ್ತಿದ್ರ ಚಪ್ಪಟಿ ಆಗಬೇಕು. ಥರ್ಮಾಮೀಟರ್ ಇದ್ರ ಪುಸ್ತಕದಾಗ 115 ಡಿಗ್ರಿ ಅಂತ ಬರ್ದಿರ್ತಾರ, ಆದ್ರ ನಮ್ಮ ಊರು ಸಮುದ್ರಕ್ಕಿಂತ ಎತ್ತರದಾಗ ಐತಲ್ಲ, ಇಲ್ಲಿ ನೀರು ಸುಮಾರು 98ಕ್ಕೇ ಕುದಿತದ, ಅದಕ್ಕ ನಾವು 113ಕ್ಕ ಇಳಿಸಬೇಕು.

ಅಳತಿ ಹೇಳ್ತೀನಿ. 20 ಗ್ರಾಂ ಜೆಲಟಿನ್ ಪುಡಿನ ಅರ್ಧ ಕಪ್ ತಣ್ಣೀರಾಗ ಹತ್ತು ನಿಮಿಷ ನೆನಿಲಿ. 300 ಗ್ರಾಂ ಸಕ್ಕರಿ, 200 ಗ್ರಾಂ ಲಿಕ್ವಿಡ್ ಗ್ಲೂಕೋಸ್, ಅರ್ಧ ಕಪ್ ನೀರು, ಚಿಟಿಕಿ ಉಪ್ಪು ಕುದಿಸ್ರಿ. ಗ್ಲೂಕೋಸ್ ಹಾಕದಿದ್ರ ಸಕ್ಕರಿ ಹರಳು ಕಟ್ಟಿ ಕರಕರ ಅಂತದ, ಬಿಡಬ್ಯಾಡ್ರಿ. ಇಳಿಸಿದ ಮ್ಯಾಲ ಗುಳ್ಳಿ ಆರೋತನ ಒಂದೆರಡು ನಿಮಿಷ ತಡೀರಿ, ಯಾಕಂದ್ರ ವಿಪರೀತ ಬಿಸಿ ಬಿದ್ರ ಜೆಲಟಿನ್ ಕಸುವು ಕಳ್ಕೋತದ. ಆಮ್ಯಾಲ ಬೀಟರ್ ನಿಧಾನ ಓಡಸ್ಕೋತ ಆಣ ಸಣ್ಣ ಧಾರಿಯಾಗಿ ಜೆಲಟಿನ್ ಬಟ್ಟಲದ ಅಂಚಿಗೆ ಸುರೀರಿ, ಬೀಟರ್ ಮ್ಯಾಲ ಬಿದ್ರ ಆಣ ಸುತ್ತಲೂ ಎಳಿಯಾಗಿ ಸಿಡಿತದ, ಕೈಗೆ ಬಿದ್ರ ಬೊಬ್ಬಿ ಏಳ್ತದ.

ಪೂರಾ ಸ್ಪೀಡಿನಾಗ 10–12 ನಿಮಿಷ. ಮೊದಲು ಗೋಂದಿನಂಗ ಇದ್ದಿದ್ದು ಬೆಳ್ಳಗ, ದಪ್ಪಗ ಆಗಿ, ಬೀಟರ್ ಎತ್ತಿದ್ರ ರಿಬ್ಬನ್‌ಹಂಗ ಇಳಿದು ಮ್ಯಾಲ ಸ್ವಲ್ಪ ಹೊತ್ತು ಗೆರಿ ನಿಲ್ಲಬೇಕು, ಬಟ್ಟಲದ ತಳಾ ಮುಟ್ಟಿದ್ರ ಉಗುರುಬೆಚ್ಚಗ ಇರಬೇಕು. ಅವಸರ ಮಾಡಿ ಬಿಸಿ ಇದ್ದಾಗಲೇ ತಾಟಿಗೆ ಸುರುವಿದ್ರ ಗಾಳಿ ಕೂತು ತಳದಾಗ ರಬ್ಬರಿನಂಥ ಪದರ ಬರ್ತದ. ಕೊಯ್ದಾಗ ಆ ಪದರ ಕಂಡ್ರ ಕಾರಣ ಇದೇ ಅಂತ ತಿಳ್ಕೋರಿ.

ಈಗ ಪುಡಿ. ಪೇಢೆ ಮ್ಯಾಲಿನ ಸಕ್ಕರಿ ಹಂಗೇ ಕೂಡ್ತದ, ಯಾಕಂದ್ರ ಒಳಗಿನ ಖವಾ ಹುರಿದು ಒಣಗಿರ್ತದ. ಇಲ್ಲಿ ಬರೀ ಸಕ್ಕರಿ ಉದುರಿಸಿದ್ರ ಮೈಮ್ಯಾಲಿನ ಪಸಿಯೊಳಗ ಕರಗಿ ಮತ್ತ ಆಣ ಆಗ್ತದ. ಕಾರ್ನ್‌ಫ್ಲೋರ್ ತಣ್ಣನ ನೀರಾಗ ಕರಗಂಗಿಲ್ಲ, ಪಸಿ ಹೀರಿ ಒಣಗಿದಂಗ ಇರ್ತದ, ಅದಕ್ಕ ಎರಡೂ ಸಮ ಹಾಕಿ ಜರಡಿ ಹಿಡೀರಿ, ಮಳಿಗಾಲದಾಗ ಕಾರ್ನ್‌ಫ್ಲೋರ್ ಎರಡು ಪಾಲು, ಸಕ್ಕರಿ ಒಂದು ಪಾಲು. ತಾಟಿಗೆ ಎಣ್ಣಿ ಸವರಿ ಈ ಪುಡಿ ಉದುರಿಸಿ ಸುರೀರಿ, ಮ್ಯಾಲೂ ಉದುರಿಸಿ ರಾತ್ರಿ ಹೊರಗ ಇಡ್ರಿ. ಫ್ರಿಜ್ ಬ್ಯಾಡ, ಹೊರಗ ತಗದಕೂಡ್ಲೇ ಬೆವರ್ತದ. ಮರುದಿನ ಕೊಯ್ದಾಗ ಹೊಸಾ ಬದಿ ಅಂಟ್ತಾವ, ಆರೂ ಮಗ್ಗಲು ಪುಡಿಯೊಳಗ ಹೊಳ್ಳಿಸಿ ಹೆಚ್ಚಿಂದು ಝಾಡಿಸ್ರಿ.

ಜೆಲಟಿನ್ ಪ್ರಾಣಿ ಚರ್ಮ, ಎಲುಬಿಂದ ಬರ್ತದ. ಸಸ್ಯಾಹಾರಿಗಳಿಗೆ ಕೊಡೋ ಮೊದಲ ಹೇಳಿಬಿಡ್ರಿ.

ನಿಮ್ಮ ಡಬ್ಬಿಯಾಗಿನವು ಮತ್ತ ಗಟ್ಟಿ ಆಗಂಗಿಲ್ಲ, ಬಿಸಿ ಕೋಕೋ ಹಾಲಿಗೆ ಹಾಕಿ ಮುಗಿಸಿಬಿಡ್ರಿ.