ಹಳದಿ ಸಿಂಬಳ ಮತ್ತು ನೆಗಡಿಯ ಲೆಕ್ಕ

"ನೆಗಡಿ ಶುರುವಾಗಿ 6 ದಿನ ಆಯ್ತು, ಈಗ ಸಿಂಬಳ ಹಳದಿಯಾಗಿದೆ. ಆಂಟಿಬಯಾಟಿಕ್ ಬೇಕಾ?"

ಬರೀ ಬಣ್ಣ ನೋಡಿ ಬೇಡ. ಮೊದಲ ದಿನ ಗಂಟಲು ಕೆರೆತ. 2-3ನೇ ದಿನ ಮೂಗು ನಲ್ಲಿ ಥರ ಸೋರುತ್ತದೆ, ಕಾಟ ಜಾಸ್ತಿ ಆಗಲೇ. ಆಮೇಲೆ ಸಿಂಬಳ ಗಟ್ಟಿಯಾಗಿ ಹಳದಿ, ಹಸಿರಿಗೆ ತಿರುಗುತ್ತದೆ. ಅದು ವೈರಸ್ ಜೊತೆ ಹೋರಾಡಿದ ಬಿಳಿ ರಕ್ತಕಣಗಳ ಬಣ್ಣ. 7-10 ದಿನಕ್ಕೆ ಮೂಗು ಸರಿಹೋಗುತ್ತದೆ. ಕೆಮ್ಮು ಮಾತ್ರ 2-3 ವಾರ ಎಳೆಯಬಹುದು. ನನಗಂತೂ ಪ್ರತಿ ಸಲ ಹಾಗೇ.

ಆದರೆ ಒಮ್ಮೆ ಹಗುರಾಗಿ, ಮತ್ತೆ ಜ್ವರ ಬಂದು, ಬಗ್ಗಿದಾಗ ಒಂದು ಕೆನ್ನೆ ಭಾರವಾಗಿ ನೋಯುತ್ತಿದ್ದರೆ ಸೈನಸ್ ಸೋಂಕಿರಬಹುದು. ಆಗ ಡಾಕ್ಟರಿಗೆ ತೋರಿಸಿ. 10 ದಿನ ಕಳೆದರೂ ಸ್ವಲ್ಪವೂ ಇಳಿಯದಿದ್ದರೂ ಅಷ್ಟೇ. ಉಸಿರಾಡಲು ಕಷ್ಟವಾದರೆ ಮಾತ್ರ ದಿನ ಎಣಿಸುತ್ತಾ ಕೂರಬೇಡಿ, ತಕ್ಷಣ ಹೊರಡಿ.